ಎಂಪಿಯು 6050: ಐಡಿ ಸರಿಯಾಗಿ ಬರುತ್ತೆ, ರೀಡಿಂಗ್ ಮಾತ್ರ ಸೊನ್ನೆ

ಪ್ರಶ್ನೆ: ಮೇಡಂ, ಎಂಪಿಯು 6050 ಮೋಷನ್ ಸೆನ್ಸರ್‌ಗೆ ಸ್ವಂತ ಡ್ರೈವರ್ ಬರೀತಿದೀನಿ. `WHO_AM_I` ಓದಿದ್ರೆ 0x68 ಬರುತ್ತೆ, ಆದ್ರೆ 0x3Bಯಿಂದ ಆರೂ ಬೈಟ್ ಸೊನ್ನೆ. ಚಿಪ್ ಹೋಗಿದ್ಯಾ? ಇನ್ನೊಂದು, ಡೇಟಾಶೀಟಲ್ಲಿ 6 ವೋಲ್ಟ್ ತನಕ ಅಂತಿದೆ, ನಮ್ಮ ಬೋರ್ಡಲ್ಲಿ ಚಿಪ್‌ಗೆ ನೇರ 5 ವೋಲ್ಟ್ ಕೊಡಬಹುದಲ್ವಾ?

ಒಬ್ಬರು: 0x6Bಗೆ 0x00 ಬರೀರಿ, ಎದ್ದೇಳುತ್ತೆ. 5 ವೋಲ್ಟ್ ಏನೂ ಆಗಲ್ಲ, ನಾನು ಎರಡು ವರ್ಷದಿಂದ ಹಾಗೇ ಕೊಡ್ತಿದೀನಿ.

ಫರ್ಮ್‌ವೇರ್ ಇಂಜಿನಿಯರ್: ಚಿಪ್ ಚೆನ್ನಾಗಿದೆ, ಮಲಗಿದೆ ಅಷ್ಟೇ. ಈ ಚಿಪ್‌ಗೆ ಎರಡು ಪಿಡಿಎಫ್ ಇದೆ, ಬಿಟ್‌ಗಳ ಅರ್ಥ ರಿಜಿಸ್ಟರ್ ಮ್ಯಾಪ್‌ನಲ್ಲಿ, ವೋಲ್ಟೇಜ್ ಮಿತಿ ಪ್ರಾಡಕ್ಟ್ ಸ್ಪೆಸಿಫಿಕೇಶನ್‌ನಲ್ಲಿ, ಎರಡೂ ಪಕ್ಕಪಕ್ಕ ತೆಗೆದಿಟ್ಕೊಳ್ಳಿ. ಮೊದಲು ರೀಸೆಟ್ ವ್ಯಾಲ್ಯೂ ನೋಡಿ: ಎಲ್ಲಾ ರಿಜಿಸ್ಟರೂ 0x00, ಆದ್ರೆ `WHO_AM_I` ಅಂದ್ರೆ 0x75 ಮಾತ್ರ 0x68, `PWR_MGMT_1` ಅಂದ್ರೆ 0x6B ಮಾತ್ರ 0x40. ಆ 0x40ನ ಬಿಟ್ ಬಿಡಿಸಿದ್ರೆ 0100 0000, ಆರನೇ ಬಿಟ್ ಒಂದು, ಅದರ ಹೆಸರೇ `SLEEP`. ಪವರ್ ಕೊಟ್ಟ ತಕ್ಷಣ ನಿದ್ದೇಲೇ ಇರುತ್ತೆ, ಐಡಿ ಕೇಳಿದ್ರೆ ಆಗಲೂ ಹೇಳುತ್ತೆ.

0x00 ಬರೆದ್ರೂ ಎದ್ದೇಳುತ್ತೆ ನಿಜ, ಆದ್ರೆ ಕೊನೇ ಮೂರು ಬಿಟ್ `CLKSEL`, ಅದು ಸೊನ್ನೆ ಆದ್ರೆ ಚಿಪ್ ಒಳಗಿನ 8 ಮೆಗಾಹರ್ಟ್ಸ್ ಆಸಿಲೇಟರ್ ಮೇಲೇ ಓಡುತ್ತೆ. ಒಂದಾದ್ರೆ ಗೈರೋ ಕ್ಲಾಕ್ ಮೇಲೆ. ಗೈರೋ ಕ್ಲಾಕ್ ಸ್ಥಿರವಾಗಿರುತ್ತೆ, ಅದನ್ನೇ ಇಟ್ಕೊಳ್ಳಿ ಅಂತ ಆ ಪುಟದಲ್ಲೇ ಬರೆದಿದೆ, ಜನ ಅಲ್ಲೀವರೆಗೆ ಓದಲ್ಲ.

```
v = rd(0x6B);
v &= ~0x47;
v |= 0x01;
wr(0x6B, v);
```

ಬರೆದಾದ್ಮೇಲೆ ವಾಪಸ್ ಓದಿ, 0x01 ಬರಬೇಕು. 0x40ನೇ ಬಂದ್ರೆ ನಿಮ್ಮ ರೈಟ್ ಫಂಕ್ಷನ್ನೇ ಕೆಲಸ ಮಾಡ್ತಿಲ್ಲ ಅಂತ.

ಇನ್ನು 5 ವೋಲ್ಟ್, ದಯವಿಟ್ಟು ಬೇಡ. ನೀವು ನೋಡಿದ 6 ವೋಲ್ಟ್ ಅಬ್ಸಲ್ಯೂಟ್ ಮ್ಯಾಕ್ಸಿಮಮ್ ಟೇಬಲಿಂದು, ಅದನ್ನ ದಾಟಿದ್ರೆ ಚಿಪ್‌ಗೆ ಶಾಶ್ವತ ಏಟು ಬೀಳಬಹುದು ಅಂತ ಅರ್ಥ, ಅಲ್ಲೀವರೆಗೆ ಸರಿಯಾಗಿ ಅಳೆಯುತ್ತೆ ಅಂತಲ್ಲ. ಕೆಲಸದ ಮಿತಿ ಬೇರೆ ಟೇಬಲಲ್ಲಿದೆ: 2.375ರಿಂದ 3.46 ವೋಲ್ಟ್. ಅದೇ ಮ್ಯಾಕ್ಸಿಮಮ್ ಟೇಬಲಲ್ಲಿ ಎಸ್‌ಡಿಎ, ಎಸ್‌ಸಿಎಲ್ ಸಾಲೂ ನೋಡಿ, ವಿಡಿಡಿ ಮೇಲೆ 0.5 ಅಷ್ಟೇ. 3.3 ಕೊಟ್ರೆ 3.8, ಹಾಗಾಗಿ ಪುಲ್ಅಪ್ ರೆಸಿಸ್ಟರ್‌ನ 5 ವೋಲ್ಟ್‌ಗೆ ಕಟ್ಟಿದ್ರೂ ತಪ್ಪೇ.

ಒಬ್ಬರು: ನಂದು ಜಿವೈ 521 ಮಾಡ್ಯೂಲ್.

ಫರ್ಮ್‌ವೇರ್ ಇಂಜಿನಿಯರ್: ಅದರ ಮೇಲೆ ರೆಗ್ಯುಲೇಟರ್ ಇರುತ್ತಲ್ಲ, ನಿಮ್ಮ ಚಿಪ್ 5 ವೋಲ್ಟ್ ನೋಡೇ ಇಲ್ಲ.

ಇನ್ನೊಬ್ಬರು: ನಂಗೆ `WHO_AM_I` 0x70 ಬರುತ್ತೆ, ವೈರಿಂಗ್ ಪ್ರಾಬ್ಲಮ್ಮಾ?

ಫರ್ಮ್‌ವೇರ್ ಇಂಜಿನಿಯರ್: 0x70 ಎಂಪಿಯು 6500ರ ಐಡಿ. ಅದರ ರಿಜಿಸ್ಟರ್ ಮ್ಯಾಪ್ ಇಳಿಸ್ಕೊಂಡು ಮೊದಲಿಂದ ನೋಡಿ.

ಪ್ರಶ್ನೆ ಕೇಳಿದವರು: ಎದ್ದೇಳ್ತು ಮೇಡಂ! ಆದ್ರೆ ನಮ್ಮ ಕಂಟ್ರೋಲರ್ 5 ವೋಲ್ಟಿನ ಎಟಿಮೆಗಾ 328ಪಿ, 3.3ರ ಪುಲ್ಅಪ್ ಅದಕ್ಕೆ ಸಾಕಾ?

ಫರ್ಮ್‌ವೇರ್ ಇಂಜಿನಿಯರ್: ಅದರ ಡೇಟಾಶೀಟ್ ಪ್ರಕಾರ ಹೈ ಅಂದ್ರೆ ಸಪ್ಲೈನ 0.7 ಪಟ್ಟು, ಅಂದ್ರೆ 3.5 ಬೇಕು, ನಿಮ್ಮದು 3.3. ಬೆಂಚ್ ಮೇಲಿಟ್ಟು ನೋಡಿದ್ರೆ ನಡೆಯುತ್ತೆ, ಎಷ್ಟೋ ಜನ ಹಾಗೇ ಓಡಿಸ್ತಾರೆ, ಆದ್ರೆ ಗ್ಯಾರಂಟಿ ಇಲ್ಲ. ನಾನಾದ್ರೆ ಲೆವೆಲ್ ಶಿಫ್ಟರ್ ಹಾಕ್ತೀನಿ.

ಒಬ್ಬರು: ನಾನು ಹಾಕಲ್ಲ, ಇವತ್ತಿನವರೆಗೂ ಒಂದೂ ನಿಂತಿಲ್ಲ.