ಅಪ್‌ಡೇಟ್: ಲ್ಯಾಪ್‌ಟಾಪಿನ 3050ಯಲ್ಲಿ ಸೈಬರ್‌ಪಂಕ್

ನನ್ನ ಪ್ರಶ್ನೆ: ಪುಣೆಯಲ್ಲಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಆರ್‌ಟಿಎಕ್ಸ್ 3050 ಗ್ರಾಫಿಕ್ಸ್ ಕಾರ್ಡ್ ಇದೆ. ಸೈಬರ್‌ಪಂಕ್ 2077 ಆಟ ಕೊಳ್ಳಬಹುದೇ?

ಅಪ್‌ಡೇಟ್: ಆಟದ ಕನಿಷ್ಠ ಅಗತ್ಯದಲ್ಲಿರುವ ಜಿಟಿಎಕ್ಸ್ 1060 ಕಾರ್ಡಿಗೆ 6 ಜಿಬಿ ಮೆಮೊರಿ, ಅದೂ 1080ಪಿ, ಲೋ ಸೆಟ್ಟಿಂಗ್, ಸೆಕೆಂಡಿಗೆ 30 ಫ್ರೇಮುಗಳ ಲೆಕ್ಕ. ನನ್ನದು ಹೊಸ ಕಾರ್ಡಾದರೂ ಟಾಸ್ಕ್ ಮ್ಯಾನೇಜರ್ 4 ಜಿಬಿ ಎಂದೇ ತೋರಿಸಿತು. ಮೊದಲು ನೋಡಿದ ಬೆಂಚ್‌ಮಾರ್ಕ್ ಡೆಸ್ಕ್‌ಟಾಪಿನ 8 ಜಿಬಿ 3050ಯದು. ಹೆಸರು ಒಂದೇ, ಕುಲವೇ ಬೇರೆ!

ಹಾಗಾಗಿ ನನ್ನಷ್ಟೇ ಮೆಮೊರಿ, ನನ್ನಷ್ಟೇ ವಾಟ್ ಇರುವ ಲ್ಯಾಪ್‌ಟಾಪಿನ ವಿಡಿಯೊ ಹುಡುಕಿದೆ. ಸರಾಸರಿ ಫ್ರೇಮುಗಳು ಚೆನ್ನಾಗಿದ್ದವು, ಆದರೆ ಅತಿ ನಿಧಾನದ ಫ್ರೇಮುಗಳ ವೇಗ ಹೇಳುವ ‘1% low’ ಅಂಕಿ ತೀರಾ ಕೆಳಗಿತ್ತು. ಆಟ ತಡವರಿಸುವುದು ಅಲ್ಲಿಯೇ ಗೊತ್ತಾಗುತ್ತದೆ. ವಿಡಿಯೊದಲ್ಲಿ ಟೆಕ್ಸ್ಚರ್ ಗುಣಮಟ್ಟವನ್ನು ಇಳಿಸಿದೊಡನೆ ಆ ಅಂಕಿ ಏರಿತು, ಅಂದರೆ ಕೊರತೆ ಮೆಮೊರಿಯದು.

ಸ್ಟೀಮ್‌ನಲ್ಲಿ ಕೊಂಡು, ಮೊದಲು ಆಟದೊಳಗಿನ ಬೆಂಚ್‌ಮಾರ್ಕನ್ನೇ ಓಡಿಸಿದೆ. 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ಹಿಂದಿರುಗಿಸುತ್ತಾರೆ. ಹಾಗೆ ಕೇಳುವ ಅಗತ್ಯ ಬರಲಿಲ್ಲ.