ಸಹಾಯ ಬೇಕು: ಚಂದ್ರಯಾನ-3ರ ಸಂಶೋಧನಾ ಪೇಪರ್ ಸರಳವಾಗಿ ಬರೀಬೇಕು

ಎಲ್ರಿಗೂ ನಮಸ್ಕಾರ. ನಮ್ಮೂರಿನ ಪೇಜಿಗೆ ವಿಕ್ರಮ್ ಲ್ಯಾಂಡರ್‌ನ ಚೇಸ್ಟ್ ಉಪಕರಣ ಚಂದ್ರನ ಮಣ್ಣಿನ ಬಿಸಿ ಅಳೆದದ್ದರ ಬಗ್ಗೆ 2025ರಲ್ಲಿ ಬಂದ ಪೇಪರನ್ನ ಸರಳವಾಗಿ ಬರೀತಿದೀನಿ. ಮೊದಲು "355 ಕೆಲ್ವಿನ್, 6 ಡಿಗ್ರಿ ಇಳಿಜಾರು" ಅಂತ ಇದ್ದಂಗೇ ಹಾಕಿದ್ದೆ, ಅಮ್ಮ ಎರಡು ಸಾಲು ಓದಿ ಫೋನ್ ವಾಪಸ್ ಕೊಟ್ರು. ಈಗ ಹೀಗೆ ಮಾಡಿದೀನಿ:

"ವಿಕ್ರಮ್ ಇಳಿದ ಜಾಗ ಸೂರ್ಯನ ಕಡೆಗೆ ಸ್ವಲ್ಪ ವಾಲಿತ್ತು, ಅಲ್ಲಿ ನೆಲ 82 ಡಿಗ್ರಿ ಸೆಲ್ಸಿಯಸ್ ಕಾದಿತ್ತು. ಒಂದೇ ಮೀಟರ್ ಆಚೆ ಸಮತಟ್ಟಾದ ಕಡೆ ಸುಮಾರು 59. ಮನೆ ಮಾಡಿನ ಬಿಸಿಲಿನ ಕಡೆ ಹೆಂಚು ಮುಟ್ಟಕ್ಕಾಗಲ್ಲ, ಇನ್ನೊಂದು ಕಡೆ ಅಷ್ಟಿರಲ್ಲ, ಹಂಗೆ."

ಇದು ಅಮ್ಮಂಗೆ ತಕ್ಷಣ ಅರ್ಥ ಆಯ್ತು. ಸಿಕ್ಕಾಕೊಂಡಿರೋದು ಮುಂದಿನ ಮಾತಲ್ಲಿ. ಸೂರ್ಯನಿಗೆ ಬೆನ್ನು ಹಾಕಿ ಧ್ರುವದ ಕಡೆ 14 ಡಿಗ್ರಿಗಿಂತ ಜಾಸ್ತಿ ವಾಲಿರೋ ಇಳಿಜಾರುಗಳಲ್ಲಿ, ಮೇಲ್ಮೈಗೆ ಹತ್ರದಲ್ಲೇ ಮಂಜುಗಡ್ಡೆ ಉಳಿಯೋಷ್ಟು ತಂಪು ಇರಬಹುದು ಅಂತ ಪೇಪರ್ ಹೇಳುತ್ತೆ, ಆದ್ರೆ ಅದು ಮಾಡೆಲ್ ಲೆಕ್ಕ, ಮಂಜುಗಡ್ಡೆನ ಯಾರೂ ಅಲ್ಲಿ ಕಂಡಿಲ್ಲ. ಇದನ್ನ ಓದಿದ ತಕ್ಷಣ ಅಮ್ಮ ಕೇಳಿದ್ದು, "ಹಂಗಾದ್ರೆ ನೀರು ಸಿಕ್ತಾ?"

"ಇರಬಹುದು" ಒಂದೇ ಪದ ಸಾಲ್ತಿಲ್ಲ, ಅದನ್ನ ಯಾರೂ ಗಮನಿಸಲ್ಲ. "ಇನ್ನೂ ಸಿಕ್ಕಿಲ್ಲ, ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಾಗ್ತಿದೆ" ಅಂತ ಮೊದಲ ಸಾಲಲ್ಲೇ ಹೇಳಿಬಿಡ್ಲಾ, ಇಲ್ಲಾ ಹೆಂಚಿನ ಹೋಲಿಕೆ ಆದ್ಮೇಲೆ ಹೇಳ್ಲಾ? ಇಂಥದ್ದು ಬರೆದು ಅಭ್ಯಾಸ ಇರೋರು ದಯವಿಟ್ಟು ಆ ಒಂದು ಸಾಲು ತಿದ್ದಿಕೊಡಿ.