ಪ್ರಶ್ನೋತ್ತರ: ‘ಇನ್ನೊಂದೇ ಒಂದು ಪೇಜ್’ ಅನ್ನುವ ಕ್ಲೈಂಟ್‌ಗೆ ಏನು ಬರೆಯಲಿ?

ವಿದ್ಯಾ, ಡೊಂಬಿವಲಿ: ಠಾಣೆಯ ಒಬ್ಬ ಕೇಟರಿಂಗ್‌ನವರಿಗೆ ವೆಬ್‌ಸೈಟ್ ಮಾಡುತ್ತಿದ್ದೇನೆ. ನಮ್ಮ ಕುಂದಾಪುರದ ಕಡೆಯವರೇ. 6 ಪೇಜ್, 36,000 ರೂಪಾಯಿ, 3 ವಾರ ಅಂತ ವಾಟ್ಸ್ಯಾಪ್‌ನಲ್ಲೇ ಮಾತಾಗಿತ್ತು. ಅರ್ಧ ಅಡ್ವಾನ್ಸ್ ಬಂದಿದೆ. ನಡುವೆ ಸಿಹಿತಿಂಡಿಗೆ ಒಂದು, ಬುಕಿಂಗ್‌ಗೆ ಒಂದು ಅಂತ ಎರಡು ಪೇಜ್ ಜಾಸ್ತಿ ಕೇಳಿದರು, ಸುಮ್ನೆ ಮಾಡಿಕೊಟ್ಟೆ. ಈಗ ಮದುವೆ, ಉಪನಯನ, ಹಬ್ಬ, ಆಫೀಸ್ ಊಟಕ್ಕೆ ಬೇರೆ ಬೇರೆ ಮೆನು ಪೇಜ್ ಬೇಕಂತೆ. ಜೊತೆಗೆ ಇಡೀ ಸೈಟ್ ಮರಾಠಿಯಲ್ಲೂ ಬೇಕಂತೆ. ‘ನಮ್ಮವಳೇ ಅಲ್ವಾ ತಂಗಿ’ ಅನ್ನುತ್ತಾರೆ. ಮನಸ್ಸು ನೋಯದ ಹಾಗೆ ಹೇಗೆ ಬರೆಯಲಿ?

ಬಸವರಾಜ, ಕೋಥರೂಡ್: ಲೆಕ್ಕ ಸರಳ ಐತ್ರೀ. 36,000 ಭಾಗಿಸು 6, ಪೇಜಿಗೆ 6,000. ಎಷ್ಟು ಪೇಜ್ ಕೇಳ್ತಾರೋ ಅಷ್ಟಕ್ಕ ಗುಣಿಸಿ ಬಿಲ್ ಕಳಿಸ್ರಿ.

ಗಣೇಶ, ಮಡಗಾಂವ್: ಇದನ್ನು ಓದಿ, ಬೇರೆ ಗ್ರೂಪಿನಲ್ಲಿ ಬಂದದ್ದು: ‘ಕ್ಲೈಂಟ್ ಸತಾಯಿಸಿದರೆ ಪಾಸ್‌ವರ್ಡ್ ಬದಲಿಸಿ, ಸೈಟ್ ಬಂದ್ ಮಾಡಿ, 24 ಗಂಟೆಯಲ್ಲಿ ಹಣ ಬರುತ್ತದೆ.’

ಸುಧೀಂದ್ರ, ಮುಲುಂಡ್: ಗಣೇಶ್, ಈ ಫಾರ್ವರ್ಡ್ ಇಲ್ಲಿ ಮೂರನೇ ಸಲ ಬರುತ್ತಿದೆ. ಡೊಮೇನ್, ಹೋಸ್ಟಿಂಗ್ ಕ್ಲೈಂಟ್ ಹೆಸರಿನಲ್ಲಿದ್ದರೆ ಅದು ಅವರ ಸೊತ್ತು. ಕೇಳದೆ ಬಂದ್ ಮಾಡಿದರೆ ಐಟಿ ಕಾಯ್ದೆಯ 43ನೇ ಕಲಂ ನಿಮ್ಮ ಮೇಲೇ ಬೀಳಬಹುದು. ಅದೂ ಅಲ್ಲದೆ ಈ ಮನುಷ್ಯ ಹಣ ಕೊಡುವುದಿಲ್ಲ ಅಂತ ಎಲ್ಲಿ ಹೇಳಿದ್ದಾರೆ?

ವಿದ್ಯಾ, ಎರಡು ಪ್ರಶ್ನೆ. ಮೊದಲಿನ 6 ಪೇಜ್ ಮುಗಿದಿವೆಯಾ? ಹೊಸ ಮೆನು ಪೇಜ್‌ಗಳು ಈಗಿರುವ ಮೆನು ಪೇಜ್ ಥರವೇ ಇರುತ್ತವಾ?

ವಿದ್ಯಾ: ಐದು ಮುಗಿದಿವೆ. ಗ್ಯಾಲರಿಗೆ ಫೋಟೋ ಕೊಟ್ಟಿಲ್ಲ, ಕೇಳಿ 11 ದಿನ ಆಯ್ತು. ಮೆನು ಪೇಜ್‌ಗಳು ಅದೇ ಥರ. ಒಂದಕ್ಕೆ ನಾಲ್ಕೈದು ಗಂಟೆ ಹಿಡಿಯಬಹುದು.

ಪ್ರಶಾಂತ, ವಾಶಿ: ಸರ್, ಫ್ರೀಲಾನ್ಸರ್ ಬಿಲ್‌ನಲ್ಲಿ ಜಿಎಸ್‌ಟಿ ಹಾಕಬೇಕಾ?

ಸುಧೀಂದ್ರ: ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ. ಹೋದ ವಾರವೂ ಹೇಳಿದ್ದೆ.

ವಿದ್ಯಾ, ಬಸವರಾಜ್ ಹೇಳಿದ್ದರಲ್ಲಿ ಅರ್ಧ ಸರಿ. ಹೊಸ ಪೇಜ್‌ಗೆ ಹಣ ಕೇಳಬೇಕು, ಹೌದು. ಆದರೆ 36,000ವನ್ನು 6ರಿಂದ ಭಾಗಿಸಬೇಡಿ. ಆ ಹಣದಲ್ಲಿ ಹೋಸ್ಟಿಂಗ್ ಜೋಡಿಸುವುದು, ಬಣ್ಣ ಮತ್ತು ಅಕ್ಷರ ಆರಿಸುವುದು, ವಿಚಾರಣೆಯ ಫಾರ್ಮ್, ಮೊಬೈಲ್‌ನಲ್ಲಿ ಸರಿ ಕಾಣುವ ಹಾಗೆ ಮಾಡುವುದು ಎಲ್ಲ ಇದೆ. ಅದು ಒಂದೇ ಸಲದ ಕೆಲಸ. ಹೊಸ ಪೇಜ್‌ಗೆ ಖಾಲಿ ಹಾಳೆಯಿಂದ ಶುರು ಮಾಡಬೇಕಾ, ಇರುವ ಪೇಜ್ ನಕಲು ಮಾಡಿ ಬರಹ, ಫೋಟೋ ಬದಲಿಸಿದರೆ ಸಾಕಾ ಅಂತ ನೋಡಿ. ನಿಮ್ಮದು ಎರಡನೆಯದು. ಅದಕ್ಕೆ 6,000 ಕೇಳಿದರೆ ಅವರಿಗೆ ಅನ್ಯಾಯ. 2,500 ಸರಿ.

ನನಗೆ ಚಿಂತೆ ಮಾಡಿಸಿದ್ದು ಮರಾಠಿ. ಅವರ ಬಾಯಲ್ಲಿ ಅದು ಒಂದು ಮಾತು, ನಿಮಗೆ ಅದು 12 ಪೇಜ್: ಹಳೆಯ 6, ಪುಕ್ಕಟೆ 2, ಹೊಸ 4. ಅನುವಾದ ಯಾರು ಮಾಡುತ್ತಾರೆ? ತಪ್ಪಿದ್ದರೆ ಯಾರು ತಿದ್ದುತ್ತಾರೆ? ಫಾರ್ಮ್ ತುಂಬಿದ ಮೇಲೆ ಬರುವ ‘ಧನ್ಯವಾದ’ದವರೆಗೆ ಎಲ್ಲವೂ ಮರಾಠಿ ಆಗಬೇಕು. ಇಂಗ್ಲಿಷ್ ಅಳತೆಗೆ ಮಾಡಿದ ಬಟನ್ ದೇವನಾಗರಿ ಹಾಕಿದರೆ ಎರಡು ಸಾಲಾಗಿ ಒಡೆಯುತ್ತದೆ, ಮೇಲಿನ ಮಾತ್ರೆ ಕತ್ತರಿಸಿಹೋಗುತ್ತದೆ. ಪ್ರತಿ ಪೇಜನ್ನೂ ಫೋನಿನಲ್ಲಿ ತೆರೆದು ನೋಡಬೇಕು. ಮುಂದೆ ಊಟದ ದರ ಬದಲಾದಾಗಲೆಲ್ಲ ಎರಡು ಕಡೆ ಬದಲಿಸಬೇಕು. ವರ್ಷಗಳ ಹಿಂದೆ ನಾನೇ ಒಂದು ಕ್ಲಿನಿಕ್‌ಗೆ ‘ಮರಾಠಿಯೂ ಹಾಕಿ ಕೊಡ್ತೇನೆ’ ಅಂತ ಬಾಯಿ ತಪ್ಪಿ ಹೇಳಿದ್ದೆ. ಎರಡು ತಿಂಗಳು ಹೋಯಿತು, ಒಂದು ಪೈಸೆ ಬರಲಿಲ್ಲ. ಆದ್ದರಿಂದ ಅನುವಾದ ಅವರೇ ಕೊಡಲಿ. ನಿಮ್ಮ ಕೆಲಸಕ್ಕೆ ಪೇಜಿಗೆ 1,500.

ಮಾಡಿಕೊಟ್ಟ ಎರಡು ಪೇಜ್‌ಗೆ ಈಗ ಹಣ ಕೇಳಬೇಡಿ. ಆದರೆ ಬರೆದು ಇಡಿ. ಬರೆಯದಿದ್ದರೆ ಅದೇ ವಾಡಿಕೆ ಆಗುತ್ತದೆ. ತಾರೀಖು ಕೊಡಬೇಡಿ, ‘ಸಾಮಗ್ರಿ ಬಂದ ಮೇಲೆ ಇಷ್ಟು ದಿನ’ ಅನ್ನಿ. ಫೋಟೋಕ್ಕೇ 11 ದಿನ ತೆಗೆದುಕೊಂಡವರು ಅನುವಾದಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೋ. ಮುಖ್ಯವಾಗಿ, ಮೊದಲ ಕೆಲಸ ಮುಗಿಸಿ ಬಾಕಿ 18,000 ತೆಗೆದುಕೊಂಡೇ ಎರಡನೆಯದಕ್ಕೆ ಕೈ ಹಾಕಿ. ಎರಡನ್ನೂ ಬೆರೆಸಿದರೆ ಸೈಟ್ ಯಾವತ್ತೂ ‘ಮುಗಿಯುವುದಿಲ್ಲ’, ಬಾಕಿಯೂ ಬರುವುದಿಲ್ಲ.

ಹೀಗೆ ಬರೆಯಿರಿ:

> ನಮಸ್ಕಾರ ಅಣ್ಣಾ. ಮೆನು ಬೇರೆ ಬೇರೆ ಪೇಜ್ ಆದರೆ ಗಿರಾಕಿಗಳಿಗೆ ಅನುಕೂಲ, ಮರಾಠಿಯ ಯೋಚನೆಯೂ ಒಳ್ಳೆಯದು. ಶುರು ಮಾಡುವ ಮೊದಲು ಲೆಕ್ಕ ಒಂದೇ ಕಡೆ ಇರಲಿ ಅಂತ ಬರೆಯುತ್ತಿದ್ದೇನೆ.
>
> ನಾವು ಮಾತಾಡಿದ್ದು 6 ಪೇಜ್, 36,000. ಐದು ಮುಗಿದಿವೆ. ಸಿಹಿತಿಂಡಿ ಪೇಜ್ ಮತ್ತು ಬುಕಿಂಗ್ ಪೇಜ್ ಲೆಕ್ಕದ ಹೊರಗಿನವು, ಅವಕ್ಕೆ ನಾನು ಹಣ ಹಾಕಿಲ್ಲ. ಗ್ಯಾಲರಿ ಫೋಟೋ ಸಿಕ್ಕ ದಿನದಿಂದ 4 ಕೆಲಸದ ದಿನದಲ್ಲಿ ಸೈಟ್ ಮುಗಿಸಿ ಲೈವ್ ಮಾಡುತ್ತೇನೆ. ಆಗ ಬಾಕಿ 18,000 ಕೊಡಿ.
>
> ಹೊಸ ಕೆಲಸ: 4 ಮೆನು ಪೇಜ್, ತಲಾ 2,500ರಂತೆ 10,000, ಬರಹ ಮತ್ತು ಫೋಟೋ ಬಂದ ಮೇಲೆ 5 ಕೆಲಸದ ದಿನ. ಮರಾಠಿ 12 ಪೇಜ್, ತಲಾ 1,500ರಂತೆ 18,000, ಅನುವಾದ ನೀವು ಕೊಟ್ಟ ಮೇಲೆ 8 ಕೆಲಸದ ದಿನ. ಒಟ್ಟು 28,000. ಶುರುವಿಗೆ ಅರ್ಧ, 14,000.
>
> ಸದ್ಯಕ್ಕೆ ಮೆನು ಮಾತ್ರ ಸಾಕು ಅಂದರೂ ಸರಿ. ಯಾವುದು ಬೇಕು ಅಂತ ಇಲ್ಲೇ ಬರೆದು ತಿಳಿಸಿ ಅಣ್ಣಾ.

ಲತಾ, ಚಿಂಚವಾಡ: ನನ್ನದೂ ಇದೇ ಗೋಳು. ಮದುವೆ ಕಾಗದದಲ್ಲಿ ದೊಡ್ಡಪ್ಪನ ಹೆಸರು ಮೇಲೆ, ಚಿಕ್ಕಪ್ಪನದು ಕೆಳಗೆ ಅಂತ 14 ಸಲ ಬದಲಿಸಿದರು. ಎಷ್ಟು ಕೇಳಲಿ?

ಸುಧೀಂದ್ರ: ಅದು ಜಾಸ್ತಿ ಪೇಜ್ ಅಲ್ಲ, ತಿದ್ದುಪಡಿ. ಬೇರೆ ವಿಷಯ. ಮೊದಲೇ ‘ಎರಡು ಸುತ್ತು ಮಾತ್ರ’ ಅಂತ ಬರೆದಿದ್ದಿರಾ?

ಲತಾ: ಇಲ್ಲ. ಸೋರ್ಸ್ ಫೈಲ್ ಕೂಡ ಕೇಳುತ್ತಿದ್ದಾರೆ, ಕೊಡಲೇಬೇಕಾ?

ಬಸವರಾಜ: ಸುಧೀಂದ್ರ ಅವರೇ, 2,500 ಬಾಳ ಕಮ್ಮಿ ಆತು. ನಿಮ್ಮಂಥವರಿಂದಲೇ ಮಾರ್ಕೆಟ್ ರೇಟ್ ಬೀಳೋದು.

ಗಣೇಶ: ಊರಿನವರ ಹತ್ತಿರ 28,000 ಕೇಳುವುದೇ ಜಾಸ್ತಿ. ನಾಳೆ ಅವರ ಕೈಯಿಂದಲೇ ನಾಲ್ಕು ಕೆಲಸ ಬರುವುದು.

ಬಸವರಾಜ: ಊರಿನವರು ಅಂತ ಅವರು ನಿಮ್ಮ ಮನಿ ಮದುವ್ಯಾಗ ಪುಕ್ಕಟೆ ಊಟ ಹಾಕ್ತಾರೇನ್ರಿ?

ಗಣೇಶ: ಹಾಕಿದ್ದಾರೆ. ನಿಮಗೆ ಅಂಥವರು ಸಿಕ್ಕಿಲ್ಲ, ಅಷ್ಟೇ.

ಬಸವರಾಜ: ಅದಕ್ಕ ಸೈಟ್ ಬಂದ್ ಮಾಡ್ರಿ ಅಂತ ಫಾರ್ವರ್ಡ್ ಹಾಕಿದ್ರಿ ಏನು, ಪ್ರೀತಿಗೆ?

ಸುಧೀಂದ್ರ: ಇಬ್ಬರೂ ಬೇರೆ ಕಡೆ ಜಗಳ ಮಾಡಿ. 2,500 ಬಂದದ್ದು ವಿದ್ಯಾ ಹೇಳಿದ ಗಂಟೆಯ ಲೆಕ್ಕದಿಂದ. ನಿಮ್ಮ ಗಂಟೆಗೆ ಬೆಲೆ ಜಾಸ್ತಿ ಇದ್ದರೆ ಜಾಸ್ತಿ ಹಾಕಿ.

ಪ್ರಶಾಂತ: ಸರ್, 20 ಲಕ್ಷ ಅಂದರೆ ಲಾಭವಾ, ಒಟ್ಟು ಬಿಲ್ಲಾ?

ಸುಧೀಂದ್ರ: ಒಟ್ಟು ಬಿಲ್.

ವಿದ್ಯಾ: ಕಳಿಸಿದೆ ಸರ್. ನೀಲಿ ಗುರುತು ಬಂತು. ‘ತಂಗಿ, ಇಷ್ಟೆಲ್ಲ ಬರೆಯುವುದು ಯಾಕೆ, ಸಂಜೆ ಫೋನ್ ಮಾಡ್ತೇನೆ’ ಅಂದರು.

ಸುಧೀಂದ್ರ: ಫೋನ್ ಎತ್ತಿ, ಚೆನ್ನಾಗಿಯೇ ಮಾತಾಡಿ. ಚೌಕಾಸಿ ಮಾಡಿದರೆ ದರ ಇಳಿಸಬೇಡಿ, ಕೆಲಸ ಇಳಿಸಿ. ನಾಲ್ಕರ ಬದಲು ಎರಡು ಮೆನು, ಮರಾಠಿಯಲ್ಲಿ ಮುಖಪುಟ ಮತ್ತು ಮೆನು ಮಾತ್ರ, ಹೀಗೆ. ಫೋನ್ ಇಟ್ಟ ಹತ್ತು ನಿಮಿಷದಲ್ಲಿ ‘ಈಗ ಮಾತಾಡಿದ್ದು ಇಷ್ಟು’ ಅಂತ ಅದೇ ಚಾಟ್‌ನಲ್ಲಿ ಹಾಕಿ. ಅವರು ‘ಸರಿ’ ಅಂತ ಬರೆಯುವ ತನಕ ಕಂಪ್ಯೂಟರ್ ತೆರೆಯಬೇಡಿ.

ಗಣೇಶ: ಇಷ್ಟು ಕಟ್ಟುನಿಟ್ಟು ಮಾಡಿದರೆ ಅವರು ಬೇರೆಯವರ ಹತ್ತಿರ ಹೋಗುತ್ತಾರೆ.

ಸುಧೀಂದ್ರ: ಹೋಗಬಹುದು.

ಲತಾ: ಸೋರ್ಸ್ ಫೈಲ್ ಬಗ್ಗೆ ಯಾರಾದರೂ ಹೇಳಿ, ಪ್ಲೀಸ್.

ವಿದ್ಯಾ: ಅಣ್ಣನ ಫೋನ್ ಬರುತ್ತಿದೆ. ಆಮೇಲೆ ಹೇಳುತ್ತೇನೆ.